ಲೇಹ್‌ನಲ್ಲಿ ಊಟ ಸೇರದಿದ್ದರೆ ಮರುದಿನ ಮೇಲೆ ಹತ್ತಬೇಡಿ

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. "ಡಾಕ್ಟ್ರೇ, ನಾವು ಲಡಾಖ್‌ನ ಪ್ಯಾಂಗಾಂಗ್ ಸರೋವರದ ಹತ್ರ ಟೆಂಟ್‌ನಲ್ಲಿದ್ದೀವಿ. ಇವರು ಸಂಜೆಯಿಂದ ನಾಲ್ಕು ಸಲ ವಾಂತಿ ಮಾಡ್ಕೊಂಡ್ರು. ಗ್ಯಾಸ್ ಮಾತ್ರೆ ಕೊಟ್ಟೆ, ವಾಂತಿ ಮಾತ್ರೆನೂ ಕೊಟ್ಟೆ, ನಿಲ್ತಾನೇ ಇಲ್ಲ."

ದಾವಣಗೆರೆಯಲ್ಲಿ ನನ್ನ ಕ್ಲಿನಿಕ್. ಫೋನ್ ಮಾಡಿದವರ ಗಂಡ ನನ್ನ ಹಳೆಯ ಪೇಷಂಟು. ವಯಸ್ಸು ಐವತ್ತೆರಡು, ಬಟ್ಟೆ ಅಂಗಡಿ, ಆರು ವರ್ಷದಿಂದ ಶುಗರ್. (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.) ಬೆಳಗ್ಗೆ ಎಂಟಕ್ಕೆ ಎರಡು ಬೆಣ್ಣೆದೋಸೆ ತಪ್ಪಿಸದ ಮನುಷ್ಯ. ಅದಕ್ಕೇ ನಾನು ವಾಂತಿಯ ವಿಷಯ ಆಮೇಲೆ ಅಂತ ಬಿಟ್ಟು, "ಇವರಿಗೆ ಊಟ ಬೇಡ ಅನಿಸಿದ್ದು ಯಾವತ್ತಿಂದ?" ಅಂತ ಕೇಳಿದೆ.

"ಮೊದಲ ದಿನದಿಂದಾನೇ ಡಾಕ್ಟ್ರೇ."

ರಾತ್ರಿಯೆಲ್ಲ ಪ್ರಯಾಣ ಮಾಡಿ, ದೆಹಲಿಯಿಂದ ಬೆಳಗಿನ ವಿಮಾನ ಹಿಡಿದು ಲೇಹ್‌ನಲ್ಲಿ ಇಳಿದಿದ್ದರು. ಮಧ್ಯಾಹ್ನ ಅನ್ನದ ತಟ್ಟೆಯನ್ನು ಹಾಗೇ ದೂರ ಸರಿಸಿದ್ದರಂತೆ. ವಿಮಾನದ ತಿಂಡಿಯ ತೊಂದರೆ ಇರಬೇಕು ಅಂದುಕೊಂಡರು. ಸಂಜೆ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದರು. ರಾತ್ರಿ ತಲೆನೋವು, ತಿಂದಿದ್ದು ಒಂದೇ ಚಪಾತಿ. ಎರಡನೇ ದಿನ ಖಾರ್ದುಂಗ್ ಲಾ ಅನ್ನುವ ಎತ್ತರದ ಘಟ್ಟ ದಾಟುವಾಗ ವಾಂತಿ. ಆಮೇಲೆ ನುಬ್ರಾದ ಹುಂದರ್‌ಗೆ ಇಳಿದ ಮೇಲೆ ಚೆನ್ನಾಗಾಯಿತು, ಊಟವೂ ಸೇರಿತು. ಸರಿ, ಮೈ ಒಗ್ಗಿತು ಅಂದುಕೊಂಡು ಮೂರನೇ ದಿನ ಪ್ಯಾಂಗಾಂಗ್‌ಗೆ ಬಂದಿದ್ದರು.

ಮೋಸ ಹೋಗಿದ್ದು ಇಲ್ಲೇ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಹುಂದರ್ ಅದಕ್ಕಿಂತ ಕೆಳಗೆ, ಸುಮಾರು 3,100. ಅವರು ಚೇತರಿಸಿಕೊಂಡಿದ್ದು ಮೈ ಒಗ್ಗಿದ್ದಕ್ಕಲ್ಲ, ಕೆಳಗೆ ಇಳಿದಿದ್ದಕ್ಕೆ. ಪ್ಯಾಂಗಾಂಗ್ ಸುಮಾರು 4,250 ಮೀಟರ್. ಅಂದರೆ ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ ಒಂದೇ ದಿನಕ್ಕೆ ಸುಮಾರು ಸಾವಿರದ ನೂರೈವತ್ತು ಮೀಟರ್ ಮೇಲೆ ಮಲಗಲು ಹೋಗಿದ್ದಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ಪರ್ವತ ವೈದ್ಯರ ಲೆಕ್ಕ. ಟೂರ್ ಪ್ಯಾಕೇಜ್ ಮಾಡುವವರ ಲೆಕ್ಕವೇ ಬೇರೆ, ಅವರು ನೋಡುವುದು ಎಷ್ಟು ರಾತ್ರಿ, ಎಷ್ಟು ಜಾಗ ಅಂತ.

ಹಸಿವು ಯಾಕೆ ಹೋಗುತ್ತದೆ? ಚಳಿಗೂ ಅಲ್ಲ, ಅಡುಗೆ ರುಚಿಸದೆಯೂ ಅಲ್ಲ. ಅಮೆರಿಕದಲ್ಲಿ 1985ರಲ್ಲಿ ಎಂಟು ಜನ ಆರೋಗ್ಯವಂತ ಗಂಡಸರನ್ನು 40 ದಿನ ಒಂದು ಕೋಣೆಯಲ್ಲಿಟ್ಟು, ಒಳಗಿನ ಗಾಳಿಯ ಒತ್ತಡವನ್ನು ನಿಧಾನವಾಗಿ ಎವರೆಸ್ಟ್ ತುದಿಯ ಮಟ್ಟಕ್ಕೆ ಇಳಿಸಿದರು. ಬೆಚ್ಚಗಿನ ಕೋಣೆ, ಹತ್ತುವ ಕಷ್ಟ ಇಲ್ಲ, ಊಟ ಬೇಕಾದಷ್ಟು. ಆದರೂ ಅವರ ಊಟ 40 ಪರ್ಸೆಂಟ್‌ಗಿಂತ ಜಾಸ್ತಿ ಇಳಿಯಿತು, ತೂಕ ಸರಾಸರಿ ಏಳು ಕೆಜಿ ಹೋಯಿತು. ಗಾಳಿ ತೆಳುವಾದರೆ ಸಾಕು, ಹಸಿವು ತಾನಾಗಿ ಕಡಿಮೆಯಾಗುತ್ತದೆ. ಹೊಟ್ಟೆಯಿಂದ ಮೆದುಳಿಗೆ 'ಹಸಿವಾಗಿದೆ' ಅಂತ ಹೇಳುವ ಗ್ರೆಲಿನ್ ಅನ್ನುವ ಹಾರ್ಮೋನ್ ಆಮ್ಲಜನಕ ಕಮ್ಮಿಯಾದಾಗ ಇಳಿಯುತ್ತದೆ. ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು, ಅಷ್ಟೇ. ಜೊತೆಗೆ ಹೊರಗಿನ ಒತ್ತಡ ಇಳಿದಾಗ ಕರುಳಿನೊಳಗಿನ ಗಾಳಿ ಹಿಗ್ಗುತ್ತದೆ, ಚಿಪ್ಸ್ ಪ್ಯಾಕೆಟ್ ಉಬ್ಬುತ್ತದಲ್ವಾ, ಹಾಗೆ. ಹಾಗಾಗಿ 'ಗ್ಯಾಸ್ ಆಗಿದೆ' ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ಆದರೆ ಆ ಗ್ಯಾಸ್ ಆಸಿಡ್‌ನಿಂದ ಬಂದದ್ದಲ್ಲ, ಅದಕ್ಕೆ ನಮ್ಮ ಗ್ಯಾಸ್ ಮಾತ್ರೆ ಕೆಲಸ ಮಾಡುವುದಿಲ್ಲ.

ಹಾಗಂತ ಊಟ ಸೇರದ ಎಲ್ಲರಿಗೂ ಕಾಯಿಲೆ ಅಂತ ಹೇಳಲಾಗದು. ಊಟ ಕಮ್ಮಿ, ಆದರೆ ತಲೆನೋವಿಲ್ಲ, ಓಡಾಡುತ್ತಿದ್ದಾರೆ ಅಂದರೆ ಬರೀ ಹಸಿವು ಇಳಿದಿದೆ. ತಲೆನೋವು ಸೇರಿತು ಅಂದರೆ ಲೆಕ್ಕ ಬದಲಾಗುತ್ತದೆ. ನಾವು ನಾಲ್ಕು ವಿಷಯಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತೇವೆ: ತಲೆನೋವು, ಹೊಟ್ಟೆ, ಸುಸ್ತು, ತಲೆಸುತ್ತು. ಹೊಟ್ಟೆಯ ವಿಷಯದಲ್ಲಿ ಊಟ ಸೇರದಿದ್ದರೆ ಅಥವಾ ಹೊಟ್ಟೆ ತೊಳಸಿದರೆ ಒಂದು ಅಂಕ, ವಾಂತಿ ಆದರೆ ಎರಡು, ವಾಂತಿಯಿಂದ ಏಳಲಾಗದಿದ್ದರೆ ಮೂರು. ತಲೆನೋವು ಇದ್ದು ಒಟ್ಟು ಮೂರು ಅಥವಾ ಜಾಸ್ತಿ ಆದರೆ ಅದು ಎತ್ತರದ ಕಾಯಿಲೆ. ಈ ಲೆಕ್ಕವನ್ನು ಮೇಲೆ ಬಂದು ಆರು ಗಂಟೆ ಆದ ಮೇಲೆ ಮಾಡಬೇಕು. ಇಳಿದ ತಕ್ಷಣ ಮಾಡಿದರೆ ನಿದ್ದೆಗೆಟ್ಟ ಪ್ರಯಾಣಕ್ಕೇ ಅಂಕ ಬಂದುಬಿಡುತ್ತದೆ.

ನಮ್ಮ ಕಡೆಯವರು ಮೋಸ ಹೋಗುವ ಇನ್ನೊಂದು ಜಾಗ ಇದೆ. ಮೇ ತಿಂಗಳ ಬಿಸಿಲಿಗೆ ಊಟ ಸೇರದಿರುವುದು, ಹೊಟ್ಟೆ ತೊಳಸುವುದು ರಾಯಚೂರು, ಕಲಬುರಗಿಯವರಿಗೆ ಹೊಸದಲ್ಲ. ನೆರಳಲ್ಲಿ ಕೂತು ಎರಡು ಲೋಟ ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಲಡಾಖ್‌ನಲ್ಲೂ ಒಣ ಗಾಳಿಗೆ ಮೈಯಲ್ಲಿನ ನೀರು ಉಸಿರಲ್ಲೇ ಹೋಗುತ್ತದೆ, ಹಾಗಾಗಿ ನೀರಿನ ಕೊರತೆಯೂ ನಿಜವೇ. ಎರಡನ್ನೂ ಬೇರೆ ಮಾಡಲು ಒಂದು ಸುಲಭದ ದಾರಿ ಇದೆ. ಒಂದು ಲೀಟರ್ ಓಆರ್‌ಎಸ್ ನಿಧಾನವಾಗಿ ಕುಡಿಸಿ, ಒಂದು ಪ್ಯಾರಾಸಿಟಮಾಲ್ ಕೊಟ್ಟು, ಎರಡು ಗಂಟೆ ಸುಮ್ನೆ ಕೂರಿಸಿ. ತಲೆನೋವು ಪೂರ್ತಿ ಹೋಗಿ ಊಟ ಬೇಕು ಅನಿಸಿದರೆ ಬಹುಶಃ ಅದು ನೀರಿನ ಕೊರತೆ. ಹೋಗದಿದ್ದರೆ ಎತ್ತರದ್ದೇ ಅಂತ ತಿಳಿದುಕೊಳ್ಳಿ.

ವಾಂತಿ ಮಾತ್ರೆಯ ಬಗ್ಗೆ ನನ್ನ ತಕರಾರು ಒಂದೇ. ಒಂಡಾನ್ಸೆಟ್ರಾನ್ ಕೆಟ್ಟ ಔಷಧ ಅಲ್ಲ, ನೀರು ಹೊಟ್ಟೆಯಲ್ಲಿ ನಿಲ್ಲಲು ಸಹಾಯ ಮಾಡುತ್ತದೆ. ಆದರೆ ಅದು ರಕ್ತಕ್ಕೆ ಆಮ್ಲಜನಕ ಕೊಡುವುದಿಲ್ಲ. ಮಾತ್ರೆ ತಗೊಂಡು ಅದೇ ಎತ್ತರದಲ್ಲಿ ಉಳಿಯುವುದು ಬೇರೆ, ಮಾತ್ರೆ ತಗೊಂಡು ಕಾರು ಹತ್ತಿ ಇನ್ನೂ ಮೇಲೆ ಹೋಗುವುದು ಬೇರೆ. ಎರಡನೆಯದರಲ್ಲಿ ಕಾಯಿಲೆ ಬೆಳೆಯುತ್ತಿರುತ್ತದೆ, ಗೊತ್ತಾಗುವುದಿಲ್ಲ ಅಷ್ಟೇ. ಕರ್ಪೂರ ಮೂಸುವುದೂ ಹಾಗೇ. ಮೂಗು ತೆರೆದಂತೆ ಅನಿಸುತ್ತದೆ, ಆಮ್ಲಜನಕ ಇದ್ದಷ್ಟೇ ಇರುತ್ತದೆ.

ಮತ್ತೆ ಆ ರಾತ್ರಿಗೆ ಬರೋಣ. ಮೊದಲು ಶುಗರ್ ನೋಡಿಸಿದೆ. ಇವರು ಶುಗರ್ ಇಳಿಸುವ ಗ್ಲಿಮೆಪಿರೈಡ್ ತಗೋತಾರೆ, ಊಟ ಇಲ್ಲದಿದ್ದರೂ ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ. ಶುಗರ್ ಇಳಿದರೂ ತಲೆನೋವು, ಸುಸ್ತು, ವಾಕರಿಕೆ ಎಲ್ಲ ಇದೇ ಥರ ಬರುತ್ತದೆ. ಮೀಟರ್ 74 ತೋರಿಸಿತು. ಚಳಿಯಲ್ಲಿ, ಎತ್ತರದಲ್ಲಿ ಆ ಮೀಟರನ್ನು ಪೂರ್ತಿ ನಂಬುವ ಹಾಗಿಲ್ಲ, ಅದಕ್ಕೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ ಅಂದೆ. ಇಪ್ಪತ್ತು ನಿಮಿಷಕ್ಕೆ 128ಕ್ಕೆ ಬಂತು. ತಲೆನೋವು, ವಾಕರಿಕೆ ಹಾಗೇ ಇದ್ದವು. ಹಾಗಾದರೆ ಇದು ಬರೀ ಶುಗರ್ ಅಲ್ಲ.

ಆಮೇಲೆ ಉಸಿರು. ಸುಮ್ನೆ ಕೂತಾಗ ಏದುಸಿರು ಇದೆಯಾ, ಕೆಮ್ಮು ಇದೆಯಾ ಅಂತ ಕೇಳಿದೆ. ಇರಲಿಲ್ಲ, ಪೂರ್ತಿ ವಾಕ್ಯ ಮಾತಾಡುತ್ತಿದ್ದರು. ಇದ್ದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ಅನುಮಾನ. ಮೂರನೆಯದು ನಡಿಗೆ, ಇದನ್ನು ಎಲ್ಲರೂ ಕಲಿಯಬೇಕು. ನೆಲದ ಮೇಲೆ ಒಂದು ನೇರ ಗೆರೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ. ಕುಡಿದವರ ಹಾಗೆ ವಾಲಿದರೆ ಮೆದುಳಲ್ಲಿ ಬಾವು ಶುರುವಾಗಿದೆ ಅಂತ ಅರ್ಥ, ಆಗ ಬೆಳಗಾಗುವವರೆಗೆ ಕಾಯುವ ಮಾತೇ ಇಲ್ಲ. ಮಗ ವಿಡಿಯೊದಲ್ಲಿ ತೋರಿಸಿದ. ನಿಧಾನವಾಗಿ, ಆದರೆ ನೇರವಾಗಿ ನಡೆದರು.

ತಲೆನೋವಿಗೆ ಎರಡು, ಹೊಟ್ಟೆಗೆ ಎರಡು, ಸುಸ್ತಿಗೆ ಎರಡು, ತಲೆಸುತ್ತಿಗೆ ಒಂದು. ಒಟ್ಟು ಏಳು, ಅಂದರೆ ಮಧ್ಯಮ. ಕ್ಯಾಂಪ್‌ನವರ ಹತ್ತಿರ ಆಮ್ಲಜನಕದ ಸಿಲಿಂಡರ್ ಇತ್ತು, ಹಾಕಿಸಿದೆ. ಸಲ್ಫಾ ಔಷಧಕ್ಕೆ ಅಲರ್ಜಿ ಇಲ್ಲ ಅಂತ ನನಗೆ ಗೊತ್ತಿತ್ತು, ಹಾಗಾಗಿ ಮೈ ಎತ್ತರಕ್ಕೆ ಒಗ್ಗಲು ನೆರವಾಗುವ ಅಸೆಟಾಜೋಲಮೈಡ್ 250 ಮಿಲಿಗ್ರಾಂ ಒಂದು, ಪ್ಯಾರಾಸಿಟಮಾಲ್ ಒಂದು. ರಾತ್ರಿಯ ಶುಗರ್ ಮಾತ್ರೆ ಬೇಡ. ತಲೆ ಎತ್ತರಿಸಿ ಮಲಗಿಸಿ, ಎರಡು ಗಂಟೆಗೊಮ್ಮೆ ಎಬ್ಬಿಸಿ ಗೆರೆ ಮೇಲೆ ನಡೆಸಿ, ತಪ್ಪಿದರೆ ಅದೇ ಕ್ಷಣ ಹೊರಡಿ ಅಂದೆ. ಪಾಪ, ಆ ತಾಯಿ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ.

ಬೆಳಗ್ಗೆ ಇನ್ನೊಂದು ಪ್ರಶ್ನೆ ಎದ್ದಿತು. ಡ್ರೈವರ್ ಲೇಹ್‌ಗೆ ಚಾಂಗ್ ಲಾ ಮೇಲೆ ಹೋಗೋಣ, ಅದೇ ಹತ್ತಿರ ಅಂದ. ಆದರೆ ಚಾಂಗ್ ಲಾ 5,300 ಮೀಟರ್‌ಗಿಂತ ಮೇಲಿದೆ. 'ಕೆಳಗೆ ಇಳಿಸಿ' ಅಂತ ನಾವು ಹೇಳುತ್ತೇವೆ, ಅಲ್ಲಿ ಕೆಳಗಿನ ಊರಿಗೆ ಹೋಗುವ ಹತ್ತಿರದ ದಾರಿ ಮೊದಲು ಸಾವಿರ ಮೀಟರ್ ಮೇಲಕ್ಕೆ ಹತ್ತುತ್ತದೆ! ಬಂದ ದಾರಿಯಲ್ಲೇ, ಶ್ಯೋಕ್ ನದಿಯ ಪಕ್ಕದಲ್ಲೇ ನುಬ್ರಾಗೆ ವಾಪಸ್ ಹೋಗಿ ಅಂದೆ. ಆ ದಾರಿಯಲ್ಲಿ ದೊಡ್ಡ ಘಟ್ಟ ದಾಟಬೇಕಿಲ್ಲ, ಡಿಸ್ಕಿಟ್‌ನಲ್ಲಿ ಆಸ್ಪತ್ರೆಯೂ ಇದೆ. ಬೆಳಗ್ಗೆ ಬೇಗ ಹೊರಡಿ ಅಂದೆ, ಮಧ್ಯಾಹ್ನ ಹಿಮ ಕರಗಿ ತೊರೆಗಳು ರಸ್ತೆ ಮೇಲೆ ಬರುತ್ತವೆ.

ಈಗ ಹೋಗುವ ಮುಂಚೆ ನನ್ನ ಹತ್ತಿರ ಬಂದವರಿಗೆ ಲೇಹ್‌ನಲ್ಲಿ ಮೊದಲ ಎರಡು ರಾತ್ರಿ ಕದಲಬೇಡಿ ಅನ್ನುತ್ತೇನೆ. ಮೂರನೇ ಬೆಳಗ್ಗೆ ತಲೆನೋವಿಲ್ಲದೆ ತಿಂಡಿ ಸೇರಿದರೆ ಹೊರಡಿ, ಇಲ್ಲದಿದ್ದರೆ ಇನ್ನೊಂದು ದಿನ. ಔಷಧ ಹೊಂದುವವರಿಗೆ ಅಸೆಟಾಜೋಲಮೈಡ್ 125 ಮಿಲಿಗ್ರಾಂ ದಿನಕ್ಕೆರಡು ಸಲ, ಹೊರಡುವ ಹಿಂದಿನ ದಿನದಿಂದ. ನಿಮ್ಮ ಡಾಕ್ಟರನ್ನು ಕೇಳದೆ ಬೇಡ. ಊರಲ್ಲೇ ಎರಡು ದಿನ ತಗೊಂಡು ನೋಡಿ, ಯಾಕೆಂದರೆ ಕೆಲವರಿಗೆ ಅದರಿಂದಲೇ ಹೊಟ್ಟೆ ತೊಳಸುತ್ತದೆ. ಬೆರಳು ಜುಮ್ಮೆನ್ನುತ್ತದೆ, ಸೋಡಾ ಸಪ್ಪೆ ಅನಿಸುತ್ತದೆ, ಅದಕ್ಕೆ ಹೆದರಬೇಡಿ. ಊಟಕ್ಕೆ ಎಣ್ಣೆ ಸುರಿದ ಪರಾಠ ಬೇಡ. ಗಂಜಿ, ಮೆತ್ತಗಿನ ಅನ್ನ, ಥುಕ್ಪಾ ಅನ್ನುವ ನೂಡಲ್ಸ್ ಸೂಪು, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಅನ್ನ, ಬೇಳೆ ಕುಕ್ಕರ್‌ನಲ್ಲಿ ಬೆಂದಿದೆಯಾ ಕೇಳಿ. ಲೇಹ್‌ನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಬರೀ ಪಾತ್ರೆಯಲ್ಲಿ ಬೇಳೆ ಸರಿಯಾಗಿ ಬೇಯುವುದಿಲ್ಲ.

ಮರುದಿನ ಎರಡು ಗಂಟೆಗೆ ಡಿಸ್ಕಿಟ್‌ನಿಂದ ಆ ಮಗನೇ ಫೋನ್ ಮಾಡಿದ. "ಅಂಕಲ್, ಅಪ್ಪ ಎರಡನೇ ಬಟ್ಟಲು ಥುಕ್ಪಾ ಕೇಳ್ತಿದ್ದಾರೆ, ಕೊಡ್ಲಾ?" ಕೊಡು, ಕೊಟ್ಟ ಮೇಲೆ ಶುಗರ್ ನೋಡಿ ಹೇಳು ಅಂದೆ.