ಪಹಣಿಯಲ್ಲಿ ಇದ್ದಾರಲ್ಲ!

ಕೆಲವು ವರ್ಷಗಳ ಹಿಂದೆ ಶಿರಸಿ ಹತ್ತಿರದ ನಮ್ಮ ಮನೆಗೆ ಅಜ್ಜನ ಹೆಸರಿಗೊಂದು ನೋಟಿಸು ಬಂತು. ತೋಟದ ಗಡಿ ಅಳತೆಗೆ 'ಖುದ್ದು ಹಾಜರಿರತಕ್ಕದ್ದು' ಎಂದಿತ್ತು. ಅಜ್ಜ ತೀರಿಕೊಂಡು ಆಗಲೇ ಹದಿನಾಲ್ಕು ವರ್ಷ. ನೋಟಿಸು ಹಿಡಿದು ಕಚೇರಿಗೆ ಹೋಗಿ ಹೇಳಿದೆ. ಗುಮಾಸ್ತರು ಕಂಪ್ಯೂಟರು ನೋಡಿ, ತಲೆ ಎತ್ತದೆ, "ಪಹಣಿಯಲ್ಲಿ ಇದ್ದಾರಲ್ಲ" ಎಂದರು. ಅವರ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಪೌತಿ ಖಾತೆ ಮಾಡಿಸದೆ ಬಿಟ್ಟದ್ದು ನಮ್ಮದೇ ಸೋಮಾರಿತನ. ಆದರೆ ಈ ಮಾತನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿ, ಮನೆಗೆ ಬಂದು ರಷ್ಯನ್ ಲೇಖಕ ಗೊಗೊಲನ ಕಾದಂಬರಿ ತೆಗೆದೆ. ಇಂಗ್ಲಿಷಿನ 'ಡೆಡ್ ಸೋಲ್ಸ್' ಎಂಬ ಹೆಸರಿನಿಂದ ನಮಗೆ ಪರಿಚಯವಾದ, 1842ರಲ್ಲಿ ಅಚ್ಚಾದ ಪುಸ್ತಕ. ಮಾತು ಹನ್ನೊಂದನೆಯ ಅಧ್ಯಾಯದಲ್ಲಿ ಸಿಕ್ಕಿತು.

ಕಥಾನಾಯಕ ಚಿಚಿಕೋವ್ ಯಾರದೋ ಪರವಾಗಿ ಒಂದು ಜಮೀನ್ದಾರಿಯ ಜೀತದ ರೈತರನ್ನು ಸರ್ಕಾರಿ ಮಂಡಳಿಯಲ್ಲಿ ಅಡವಿಡಲು ಹೋಗಿರುತ್ತಾನೆ. ಅರ್ಧದಷ್ಟು ರೈತರು ಸತ್ತುಹೋಗಿದ್ದಾರೆ, ಮುಂದೆ ತಕರಾರು ಆಗದಿರಲಿ ಎಂದು ಮೊದಲೇ ಹೇಳುತ್ತಾನೆ. ಕಾರ್ಯದರ್ಶಿ ಕೇಳುವುದು ಒಂದೇ: ಪಟ್ಟಿಯಲ್ಲಿ ಇದ್ದಾರಲ್ಲ? ಇದ್ದಾರೆ. ಹಾಗಾದರೆ ಹೆದರಿಕೆ ಯಾಕೆ?

ಈ ಪಟ್ಟಿಯ ಕಥೆ ತಿಳಿಯದಿದ್ದರೆ ಕಾದಂಬರಿ ಬರೀ ಹುಚ್ಚಾಟದಂತೆ ಕಾಣುತ್ತದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪೀಟರ್ ದೊರೆ ಸೈನ್ಯ ಸಾಕಲು ತಲೆಗಂದಾಯ ಹಾಕಿದ. ನಾವು ತಲೆ ಎಣಿಸುತ್ತೇವೆ, ರಷ್ಯನ್ನರು ಆತ್ಮ ಎಣಿಸಿದರು. ಗಂಡಸರ ಆತ್ಮಗಳನ್ನು ಮಾತ್ರ, ತೊಟ್ಟಿಲ ಕೂಸಿನಿಂದ ಹಣ್ಣು ಮುದುಕನವರೆಗೆ. ಲೆಕ್ಕ ಹಿಡಿಯಲು ಆಗೊಮ್ಮೆ ಈಗೊಮ್ಮೆ ಗಣತಿ ನಡೆಯುತ್ತಿತ್ತು. ಎರಡು ಗಣತಿಗಳ ನಡುವೆ ಬಹಳ ವರ್ಷ ಕಳೆಯುತ್ತಿದ್ದವು. 1815ರ ನಂತರದ ಗಣತಿ ಬಂದದ್ದು 1833ರಲ್ಲಿ. ಆ ನಡುವೆ ಸತ್ತವನು ಮುಂದಿನ ಗಣತಿಯವರೆಗೆ ಕಾಗದದಲ್ಲಿ ಬದುಕಿರುತ್ತಿದ್ದ, ಅವನ ಕಂದಾಯವನ್ನು ಜಮೀನ್ದಾರ ಕಟ್ಟುತ್ತಿದ್ದ.

ಚಿಚಿಕೋವ್ ಹುಡುಕಿದ್ದು ಇದೇ ಸಂದನ್ನು. ಕಂದಾಯದ ಹೊರೆಯಾಗಿರುವ ಸತ್ತವರನ್ನು ಜಮೀನ್ದಾರರು ಅಗ್ಗಕ್ಕೆ, ಕೆಲವರು ಪುಕ್ಕಟೆಗೂ ಬರೆದುಕೊಡುತ್ತಾರೆ. ಸಾವಿರ 'ಆತ್ಮ' ಕೊಂಡು ಮಂಡಳಿಯಲ್ಲಿ ಅಡವಿಟ್ಟರೆ ತಲೆಗೆ ಇನ್ನೂರು ರೂಬಲ್‌ನಂತೆ ಎರಡು ಲಕ್ಷ ಸಾಲ ಕೈಗೆ ಬರುತ್ತದೆ. ಜಮೀನು ಬೇಕಲ್ಲ ಎಂದರೆ, ದಕ್ಷಿಣದ ಖೆರ್ಸೋನ್ ಕಡೆ ನೆಲೆಸುವವರಿಗೆ ಸರ್ಕಾರ ಜಮೀನನ್ನು ಬಿಟ್ಟಿಯಾಗಿ ಕೊಡುತ್ತಿದೆ. ಕಂದಾಯ, ಪಟ್ಟಿ, ಅಡವು, ಖೆರ್ಸೋನ್ ಯಾವುದನ್ನೂ ಗೊಗೊಲ್ ಕಟ್ಟಿ ಹೇಳಿದ್ದಲ್ಲ. ಅವನು ಸೇರಿಸಿದ್ದು ಒಂದೇ ಹೆಜ್ಜೆ: ಈ ನಿಯಮಗಳನ್ನು ಅಕ್ಷರಶಃ ನಂಬಿ ಗಾಡಿ ಹತ್ತಿ ಹೊರಡುವ ಒಬ್ಬ ಮನುಷ್ಯನನ್ನು.

ಅತಿಶಯೋಕ್ತಿ ಅಂದರೆ ಇದ್ದದ್ದನ್ನು ಹತ್ತುಪಟ್ಟು ಊದಿಸುವುದು ಎಂದು ನಾವು ತಿಳಿಯುತ್ತೇವೆ. ಲಂಚಕೋರನ ಹೊಟ್ಟೆ ದಪ್ಪ ಮಾಡಿ ತೋರಿಸಿದರೆ ಓದುಗ ನಗುತ್ತಾನೆ, ಕಚೇರಿಗೆ ಏನೂ ಆಗುವುದಿಲ್ಲ. ಗೊಗೊಲ್ ಊದಿಸಿದ್ದು ಒಂದನ್ನು ಮಾತ್ರ, ಉಳಿದದ್ದನ್ನೆಲ್ಲ ಚಿನ್ನ ತೂಗಿದಂತೆ ತೂಗಿ ಇಟ್ಟ. ಸತ್ತವರ ವ್ಯಾಪಾರ ನೋಡಿ: ಸೊಬಾಕೆವಿಚ್ ಎಂಬ ಜಮೀನ್ದಾರ ತಲೆಗೆ ನೂರು ರೂಬಲ್ ಹೇಳುತ್ತಾನೆ. ಈ ಬಡಗಿಯಂಥ ಬಡಗಿ ಎಲ್ಲಿ ಸಿಕ್ಕಾನು, ಆ ಚಮ್ಮಾರನ ಹೊಲಿಗೆ ನೋಡಬೇಕು ಎಂದು ಸತ್ತವರ ಕೈಗುಣ ಹೊಗಳುತ್ತಾನೆ. ಚೌಕಾಸಿ ಇಳಿದು ಎರಡೂವರೆ ರೂಬಲ್ಲಿಗೆ ನಿಲ್ಲುತ್ತದೆ. ಆ ಮೇಲೂ ಪಟ್ಟಿಯಲ್ಲಿ ಎಲಿಜವೇತ ಎಂಬ ಹೆಂಗಸೊಬ್ಬಳ ಹೆಸರನ್ನು ಗಂಡು ಹೆಸರಿನಂತೆ ಕಾಣುವ ಕಾಗುಣಿತದಲ್ಲಿ ತುರುಕಿರುತ್ತಾನೆ. ಸಂತೆಯ ಚೌಕಾಸಿ ಇಷ್ಟು ನಿಜವಾಗಿರುವುದರಿಂದಲೇ, ಸರಕು ಇಲ್ಲವೇ ಇಲ್ಲ ಎಂಬುದು ನಮಗೆ ತಡವಾಗಿ ಹೊಳೆಯುತ್ತದೆ.

ಆಗ ಗೇಲಿಯ ಗುರಿಯೂ ಬದಲಾಗುತ್ತದೆ. ಏಳನೆಯ ಅಧ್ಯಾಯದಲ್ಲಿ ಕ್ರಯಪತ್ರ ನೋಂದಾಯಿಸಲು ಚಿಚಿಕೋವ್ ಕಚೇರಿಗೆ ಹೋದಾಗ, ಇವಾನ್ ಅಂತೋನೊವಿಚ್ ಎಂಬ ಗುಮಾಸ್ತನ ಮುಂದೆ ಒಂದು ನೋಟು ಇಡುತ್ತಾನೆ. ಗುಮಾಸ್ತ ಅದನ್ನು ಗಮನಿಸುವುದೇ ಇಲ್ಲ, ಆದರೆ ಒಡನೆ ಅದರ ಮೇಲೊಂದು ಪುಸ್ತಕ ಮುಚ್ಚುತ್ತಾನೆ. ಚಿಚಿಕೋವ್ ತೋರಿಸಿಕೊಡಲು ಹೋದರೆ, ತೋರಿಸುವುದು ಬೇಡ ಎಂದು ತಲೆಯಲ್ಲೇ ಸನ್ನೆ ಮಾಡುತ್ತಾನೆ. ಕಾದಂಬರಿಯಲ್ಲಿ ಲಂಚಕ್ಕೆ ಸಿಕ್ಕ ಜಾಗ ಇಷ್ಟೇ ಎಂದಲ್ಲ, ಆದರೆ ಗೊಗೊಲನ ಕಣ್ಣು ಅದಕ್ಕಿಂತ ಆಚೆ ಇದೆ. ಆ ಪತ್ರಕ್ಕೆ ಸಾಕ್ಷಿಗಳು ಸಹಿ ಹಾಕುತ್ತಾರೆ, ಮೊಹರು ಬೀಳುತ್ತದೆ, ವಹಿಯಲ್ಲಿ ದಾಖಲಾಗುತ್ತದೆ. ವಿಧಾನದಲ್ಲಿ ಒಂದು ತಪ್ಪೂ ಇಲ್ಲ. ಆಮೇಲೆ ಊರಿನ ಅಧಿಕಾರಿಗಳೆಲ್ಲ ಸೇರಿ, ಇಷ್ಟು ಜನರನ್ನು ಖೆರ್ಸೋನಿಗೆ ಸಾಗಿಸುವಾಗ ದಂಗೆ ಎದ್ದರೆ ಎಂದು ಚಿಂತಿಸುತ್ತಾರೆ. ದಂಗೆಯ ಹೆದರಿಕೆ ಇಲ್ಲ, ಜಿಲ್ಲೆಯ ಪೊಲೀಸು ಕಪ್ತಾನ ತಾನು ಹೋಗುವುದೂ ಬೇಡ, ತನ್ನ ಟೋಪಿಯನ್ನು ಕಳಿಸಿದರೆ ಸಾಕು, ಟೋಪಿಯೇ ಅವರನ್ನು ಹೊಡೆದುಕೊಂಡು ಹೋಗುತ್ತದೆ ಎನ್ನುತ್ತಾನೆ ಪೊಲೀಸು ಮುಖ್ಯಸ್ಥ. ಇಲ್ಲದ ಜನಕ್ಕೆ ಇಲ್ಲದ ಅಧಿಕಾರಿಯ ಕಾವಲು. ನನ್ನ ಮಟ್ಟಿಗೆ ಇಡೀ ಪುಸ್ತಕ ಈ ಟೋಪಿಯಲ್ಲಿದೆ.

ಇದೇ ವಿಷಯವನ್ನು ನೇರವಾಗಿ ಹೇಳಿದ್ದರೆ ಏನಾಗುತ್ತಿತ್ತು? ಹಸ್ತಪ್ರತಿಯ ಹಣೆಬರಹ ನೋಡಿದರೆ ಗೊತ್ತಾಗುತ್ತದೆ. ಮಾಸ್ಕೋದ ಸೆನ್ಸಾರ್ ಸಮಿತಿಯಲ್ಲಿ ನಡೆದದ್ದನ್ನು ಗೊಗೊಲ್ ತಾನೇ ಗೆಳೆಯನಿಗೆ ಪತ್ರದಲ್ಲಿ ಬರೆದಿದ್ದಾನೆ. ಹೆಸರು ಕೇಳಿದ ಕೂಡಲೇ ಅಧ್ಯಕ್ಷರು, ಆತ್ಮಕ್ಕೆ ಸಾವಿಲ್ಲ, ಸತ್ತ ಆತ್ಮ ಎಂದರೇನು ಎಂದು ಕೂಗಾಡಿದರಂತೆ. ಅದು ಗಣತಿ ಪಟ್ಟಿಯ ಆತ್ಮ ಎಂದು ತಿಳಿಸಿದಾಗ, ಹಾಗಾದರೆ ಜೀತಪದ್ಧತಿಯ ವಿರುದ್ಧ ಬರೆದದ್ದು, ಇನ್ನೂ ಕೆಟ್ಟದು ಎಂದರಂತೆ. ಮತ್ತೊಬ್ಬ ಸೆನ್ಸಾರನಿಗೆ ನೋವಾದದ್ದು ಎರಡೂವರೆ ರೂಬಲ್ ಬೆಲೆಯಿಂದ. ಮನುಷ್ಯನ ಆತ್ಮಕ್ಕೆ ಇಷ್ಟು ಕಡಿಮೆಯೇ! ಕಾದಂಬರಿಯ ಪಾತ್ರಗಳೇ ಎದ್ದು ಬಂದು ಸಮಿತಿಯಲ್ಲಿ ಕೂತಂತಿದೆ.

ಕೊನೆಗೆ ಪೀಟರ್ಸ್‌ಬರ್ಗಿನ ಸೆನ್ಸಾರ್, ಹೆಸರಿನ ಮುಂದೆ 'ಚಿಚಿಕೋವನ ಸಾಹಸಗಳು ಅಥವಾ' ಎಂದು ಸೇರಿಸಿ ಪುಸ್ತಕಕ್ಕೆ ಒಪ್ಪಿಗೆ ಕೊಟ್ಟಿತು. ತಡೆದದ್ದು ಮುಖ್ಯವಾಗಿ ಒಂದು ಉಪಕಥೆಯನ್ನು. ಅದರಲ್ಲಿ ಕಪ್ತಾನ ಕೊಪೇಕಿನ್ 1812ರ ಯುದ್ಧದಲ್ಲಿ ಒಂದು ಕೈ, ಒಂದು ಕಾಲು ಕಳೆದುಕೊಂಡು ಪಿಂಚಣಿ ಕೇಳಲು ರಾಜಧಾನಿಗೆ ಬರುತ್ತಾನೆ. ದೊಡ್ಡ ಅಧಿಕಾರಿ ಸಿಟ್ಟು ಮಾಡುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಇನ್ನೊಂದು ದಿನ ಬನ್ನಿ ಎನ್ನುತ್ತಾನೆ. ಕೈಯಲ್ಲಿದ್ದ ದುಡ್ಡು ಮುಗಿಯುತ್ತದೆ, ಕೊಪೇಕಿನ್ ಹಠ ಹಿಡಿಯುತ್ತಾನೆ, ಅವನನ್ನು ಊರು ಬಿಡಿಸುತ್ತಾರೆ, ಆಮೇಲೆ ಒಂದು ಡಕಾಯಿತರ ಗುಂಪು ಹುಟ್ಟುತ್ತದೆ. ಮೂಲ ಘಟನೆಯಲ್ಲಿ ಉತ್ಪ್ರೇಕ್ಷೆ ತೀರ ಕಡಿಮೆ. ಕಾರವಾರದ ಯಾವ ಕಚೇರಿಯ ಬೆಂಚಿನ ಮೇಲೆ ಕೂತವನಿಗೂ ಅದು ಅರ್ಥವಾಗುತ್ತದೆ. ಸತ್ತವರ ವ್ಯಾಪಾರ ದಾಟಿಹೋಯಿತು, ಪಿಂಚಣಿಗೆ ಕಾದವನ ಕಥೆ ಸಿಕ್ಕಿಬಿತ್ತು. ಗೊಗೊಲ್ ತಪ್ಪೆಲ್ಲ ಕೊಪೇಕಿನನದೇ ಎಂಬಂತೆ ತಿದ್ದಿ ಬರೆದ ಮೇಲೆ ಅದಕ್ಕೂ ಒಪ್ಪಿಗೆ ಸಿಕ್ಕಿತು.

ಈ ವಿಧಾನಕ್ಕೆ ಮಿತಿಯೂ ಇದೆ. ಜೀತದವರ ಹೆಸರುಗಳನ್ನು ಚಿಚಿಕೋವ್ ಒಂದು ಬೆಳಿಗ್ಗೆ ನಕಲು ಮಾಡುತ್ತ, ಈ ಬಡಗಿ ಹೇಗೆ ಸತ್ತಿರಬಹುದು ಎಂದು ಊಹಿಸುವ ಕೆಲವು ಪುಟಗಳನ್ನು ಬಿಟ್ಟರೆ, ಬದುಕಿರುವ ರೈತ ಕಾದಂಬರಿಯಲ್ಲಿ ಹಿನ್ನೆಲೆಯಾಗಿಯೇ ಉಳಿಯುತ್ತಾನೆ. ಎರಡನೆಯ ಭಾಗದಲ್ಲಿ ಗೊಗೊಲ್ ಒಳ್ಳೆಯ ಜಮೀನ್ದಾರ, ಒಳ್ಳೆಯ ಅಧಿಕಾರಿಯನ್ನು ಚಿತ್ರಿಸಲು ಹೊರಟ. ಅದರಲ್ಲಿ ನಾಶವಾಗದೆ ಉಳಿದುಕೊಂಡ ಅಧ್ಯಾಯಗಳನ್ನು ಓದಿದರೆ ಅವರ ಬಾಯಲ್ಲಿ ಬರೀ ಉಪದೇಶ. 1852ರ ಫೆಬ್ರುವರಿಯಲ್ಲಿ ಆ ಹಸ್ತಪ್ರತಿಯನ್ನು ಅವನೇ ಬೆಂಕಿಗೆ ಹಾಕಿದ.

ಕಾರವಾರದಲ್ಲಿ ಗುಮಾಸ್ತರಾಗಿ ನಿವೃತ್ತರಾದ ನನ್ನ ಸೋದರಮಾವನಿಗೆ ಏಳನೆಯ ಅಧ್ಯಾಯವನ್ನು ಓದಿ ಹೇಳಿದೆ. ಸೊಬಾಕೆವಿಚನಿಗೂ ನಗಲಿಲ್ಲ, ಸಾಕ್ಷಿಗಳಿಗೂ ನಗಲಿಲ್ಲ. ನೋಟಿನ ಮೇಲೆ ಪುಸ್ತಕ ಮುಚ್ಚುವ ಜಾಗ ಬಂದಾಗ ಮಾತ್ರ ಕವಳದ ತಟ್ಟೆ ಪಕ್ಕಕ್ಕೆ ಸರಿಸಿ, "ಯಾವ ಪುಸ್ತಕ ಅಂತ ಬರೆದಿದ್ದಾನೋ?" ಎಂದು ಕೇಳಿದರು. ಬರೆದಿಲ್ಲ ಎಂದೆ.

"ಟಪಾಲು ವಹಿ ಇರಬೇಕು," ಎಂದರು. "ಅದೊಂದೇ ಯಾವಾಗಲೂ ಕೈಗೆ ಹತ್ತಿರ ಇರೋದು."