ಮಗನ ಮೇಲೆ ಶಾಲೆಯಿಂದ ದೂರು ಬಂದಾಗ

'ನಿಮ್ಮ ಮಗ ಕ್ಲಾಸಿನ ಒಬ್ಬ ಹುಡುಗನಿಗೆ ತುಂಬಾ ಕಾಟ ಕೊಡ್ತಿದ್ದಾನಂತೆ. ನಾಳೆ ಇಬ್ಬರೂ ಬಂದು ಹೋಗಿ.' ಶಾಲೆಯಿಂದ ಇಂಥ ಫೋನ್ ಬಂದ ದಿನ ಸಂಜೆ ಮನೆಯಲ್ಲಿ ಏನಾಗುತ್ತದೆ ಅಂತ ನಾನು ಮೊದಲು ಕೇಳುತ್ತೇನೆ. ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗಿರುತ್ತದೆ. ಒಂದು ಮನೆಯಲ್ಲಿ ಅಮ್ಮ ಫೋನಿನಲ್ಲೇ 'ನನ್ನ ಮಗ ಅಂಥೋನಲ್ಲ ಮಿಸ್, ಯಾರೋ ಹೇಳಿಕೊಟ್ಟಿದ್ದಾರೆ' ಅಂದಿರುತ್ತಾರೆ. ಇನ್ನೊಂದು ಮನೆಯಲ್ಲಿ ಹುಡುಗ ಚಪ್ಪಲಿ ಬಿಡುವ ಮೊದಲೇ ಅಪ್ಪನಿಂದ ಎರಡು ಏಟು ಬಿದ್ದಿರುತ್ತದೆ. ಮೊದಲನೇ ಹುಡುಗನಿಗೆ ಹೇಗಿದ್ದರೂ ಅಮ್ಮ ಬಿಡಿಸುತ್ತಾರೆ ಅಂತ ಗೊತ್ತಾಯಿತು. ಎರಡನೆಯವನಿಗೆ ದೊಡ್ಡವನು ಚಿಕ್ಕವನಿಗೆ ಹೊಡೆಯಬಹುದು ಅಂತ ಮತ್ತೊಮ್ಮೆ ಖಾತ್ರಿಯಾಯಿತು. ನಿಜವಾಗಿ ಏನು ನಡೆಯಿತು ಅನ್ನೋದು ಎರಡೂ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ. ಮೈಸೂರಿನ ಹುಡುಗ, ಏಳನೇ ಕ್ಲಾಸು. ಓದಿನಲ್ಲಿ ಪರವಾಗಿಲ್ಲ, ಟೀಚರ್‌ಗಳ ಮುಂದೆ ತುಂಬಾ ಮರ್ಯಾದಸ್ಥ. ಆ ವರ್ಷ ಹೊಸದಾಗಿ ಸೇರಿದ, ಸ್ವಲ್ಪ ದಪ್ಪಗಿದ್ದ ಹುಡುಗನೊಬ್ಬನನ್ನು ಶಾಲೆ ವ್ಯಾನಿನಲ್ಲಿ ದಿನಾ ಗೋಳು ಹೊಯ್ದುಕೊಳ್ಳುತ್ತಾನೆ ಅಂತ ದೂರು. ಬ್ಯಾಗನ್ನು ಹಿಂದಿನ ಸೀಟಿಗೆ ಎಸೆಯುವುದು, ಅಡ್ಡಹೆಸರು. ಜೊತೆಗೆ ಆ ಹುಡುಗ ಊಟ ಮಾಡುವಾಗ ತೆಗೆದ ಫೋಟೋ ಒಂದು ಸ್ಟಿಕ್ಕರ್ ಆಗಿ ಹುಡುಗರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಓಡಾಡುತ್ತಿತ್ತು.

ಇಂಥ ಹೊತ್ತಿನಲ್ಲಿ 'ಯಾಕೋ ಹೀಗೆ ಮಾಡಿದೆ?' ಅಂತ ಕೇಳಿದರೆ ಸಿಗುವುದು ಸಮಜಾಯಿಷಿ ಮಾತ್ರ. 'ಸುಮ್ನೆ ತಮಾಷೆಗೆ', 'ಎಲ್ಲರೂ ಮಾಡ್ತಾರೆ', 'ಅವನೇ ಮೊದಲು ಶುರು ಮಾಡಿದ್ದು'. ಯಾಕೆ ಅನ್ನೋದು ಹನ್ನೆರಡು ವರ್ಷದ ಹುಡುಗನಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಅದರ ಬದಲು ನಡೆದದ್ದನ್ನು ಕ್ರಮವಾಗಿ ಹೇಳಿಸಬೇಕು. ಈ ತಾಯಿಗೆ ಒಂದು ಹಾಳೆ ಕೊಟ್ಟು, ವ್ಯಾನಿನಲ್ಲಿ ಯಾರು ಎಲ್ಲಿ ಕೂರುತ್ತಾರೆ ಅಂತ ಮಗನ ಕೈಲಿ ಬರೆಸಿ ಎಂದೆ. ಊಟ ಆದಮೇಲೆ, ಟಿವಿ ಆರಿಸಿ, ತಂಗಿ ಪಕ್ಕದಲ್ಲಿ ಇಲ್ಲದಾಗ ಕೂತರು. ಆಮೇಲೆ ಅವರು ನನಗೆ ಹೇಳಿದ ಮಾತುಕತೆ ಇದು:

'ಅವನು ಯಾವಾಗ ಹತ್ತುತ್ತಾನೆ ಪುಟ್ಟ?'

'ನಾನು ಹತ್ತಿದ ಮೇಲೆ, ಎರಡು ಸ್ಟಾಪ್ ಆದಮೇಲೆ.'

'ಹತ್ತಿದಾಗ ಏನಾಗತ್ತೆ?'

'ನಾನು ಟೈರ್ ಪಂಕ್ಚರ್ ಆಯ್ತು ಅಂತೀನಿ. ಎಲ್ಲಾ ನಗ್ತಾರೆ.'

'ಅವನೂ ನಗ್ತಾನಾ?'

ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗ ಹೇಳಿದ: 'ಮೊದಲು ನಗ್ತಿದ್ದ. ಈಗ ಕಿಟಕಿ ಕಡೆ ನೋಡ್ತಾನೆ.'

ಈ ಒಂದು ಉತ್ತರದಲ್ಲಿ ಬೇಕಾದದ್ದೆಲ್ಲ ಇದೆ. ಶಾಲೆಗಳಲ್ಲಿ ನಡೆಯುವ ಬುಲ್ಲಿಯಿಂಗ್ ಬಗ್ಗೆ 1970ರ ದಶಕದಿಂದ ಕೆಲಸ ಮಾಡಿದ ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಗುರುತು ಹೇಳಿದ್ದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನಡೆಯುವುದು, ಇಬ್ಬರ ಬಲ ಸಮ ಇಲ್ಲದಿರುವುದು. ಬಲ ಅಂದರೆ ತೋಳ್ಬಲವೇ ಆಗಬೇಕಿಲ್ಲ. ಒಬ್ಬನ ಹಿಂದೆ ನಗುವ ಐದು ಜನ ಇದ್ದು, ಇನ್ನೊಬ್ಬನ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅದೂ ಬಲವೇ. ಸಮಸಮ ಇರುವ ಇಬ್ಬರು ಆಟದಲ್ಲಿ ಕಚ್ಚಾಡಿದರೆ ಅದು ಜಗಳ. ಅಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಬಹುದು. ಇಲ್ಲಿ ಹಾಗೆ ಮಾಡಿದರೆ ಹೆದರಿದ ಹುಡುಗ ಎಲ್ಲದಕ್ಕೂ ತಲೆ ಆಡಿಸಿ ಎದ್ದು ಹೋಗುತ್ತಾನೆ. ಮರುದಿನ ವ್ಯಾನಿನಲ್ಲಿ 'ಚಾಡಿಕೋರ' ಅನ್ನುವ ಹೊಸ ಹೆಸರು ಸಿಗುತ್ತದೆ.

ಅದಕ್ಕೇ ಮೊದಲ ರಾತ್ರಿ ಮಗನಿಗೆ ಒಂದು ಮಾತು ಖಡಕ್ಕಾಗಿ ಹೇಳಿಬಿಡಬೇಕು: 'ನಾಳೆಯಿಂದ ಆ ಹುಡುಗನ ಹತ್ತಿರ ಈ ವಿಷಯ ಎತ್ತಬಾರದು. ಯಾಕೆ ಹೇಳಿದೆ ಅಂತಲೂ ಕೇಳಬಾರದು, ಸಾರಿ ಅಂತಲೂ ಹೋಗಬಾರದು. ನಿನ್ನ ಫ್ರೆಂಡ್ಸ್ ಕೈಲೂ ಹೇಳಿಸಬಾರದು.' ಇನ್ನೊಂದು, ಫೋನಿನಲ್ಲಿರುವುದನ್ನು ಅಳಿಸಬೇಡಿ. ಗಾಬರಿಯಲ್ಲಿ ತಂದೆತಾಯಿ ಮೊದಲು ಮಾಡುವ ಕೆಲಸವೇ ಡಿಲೀಟ್. ಆಮೇಲೆ ಮಗ ಎಷ್ಟು ಮಾಡಿದ್ದ, ಎಷ್ಟು ಮಾಡಿರಲಿಲ್ಲ ಅಂತ ತೋರಿಸಲು ಏನೂ ಉಳಿಯುವುದಿಲ್ಲ. ಇಲ್ಲಿ ಆ ಸ್ಟಿಕ್ಕರ್ ಮಾಡಿದ್ದು ಬೇರೆ ಹುಡುಗ, ನಮ್ಮವನು ಕಳಿಸಿದ್ದ ಅಷ್ಟೇ. ಫೋನ್ ಹಾಗೇ ಇದ್ದದ್ದರಿಂದ ಅದು ಗೊತ್ತಾಯಿತು.

ಈಗ ಕಾರಣದ ಮಾತು. 'ಒಳಗೆ ಕೀಳರಿಮೆ ಇರುತ್ತೆ, ಅದಕ್ಕೇ ಹೀಗೆ ಆಡ್ತಾನೆ' ಅಂತ ಬಹಳ ಜನ ಹೇಳುತ್ತಾರೆ. ಓಲ್ವೇಯಸ್ ಅದನ್ನೂ ಹುಡುಕಿ ನೋಡಿದ್ದರು, ಹೆಚ್ಚಿನ ಮಕ್ಕಳಲ್ಲಿ ಅಂಥದ್ದೇನೂ ಕಾಣಲಿಲ್ಲ. ನನ್ನ ಅನುಭವವೂ ಅದೇ. ಗುಂಪಿನಲ್ಲಿ ತನ್ನ ಜಾಗ ಗಟ್ಟಿ ಮಾಡಿಕೊಳ್ಳುವುದು ದೊಡ್ಡ ಕಾರಣ. ಆದ್ದರಿಂದ ನಾನು ಹುಡುಗನ ಸ್ವಭಾವಕ್ಕಿಂತ, ಕಾಟ ಕೊಟ್ಟ ಮರುಕ್ಷಣ ಅವನಿಗೆ ಏನು ಸಿಗುತ್ತದೆ ಅಂತ ನೋಡುತ್ತೇನೆ. ಇವನಿಗೆ ನಗು ಸಿಗುತ್ತಿತ್ತು. ಹಿಂದಿನ ಸೀಟು ಸಿಗುತ್ತಿತ್ತು.

ಆ ಸೀಟಿನ ಹಿಂದೆ ಒಂದು ಕಥೆ ಇತ್ತು. ಹಿಂದಿನ ವರ್ಷ ಅಲ್ಲಿ ಒಂಬತ್ತನೇ ಕ್ಲಾಸಿನ ಹುಡುಗರು ಕೂರುತ್ತಿದ್ದರು. ಇವನ ಟಿಫಿನ್ ಡಬ್ಬಿ ಕಸಿಯುತ್ತಿದ್ದರು, ತಲೆಗೆ ಮೊಟಕುತ್ತಿದ್ದರು. ಇವನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವರು ಹತ್ತನೇ ಕ್ಲಾಸಿಗೆ ಹೋದಮೇಲೆ ಸ್ಪೆಷಲ್ ಕ್ಲಾಸು ಅಂತ ವ್ಯಾನ್ ಬಿಟ್ಟರು, ಖಾಲಿಯಾದ ಸೀಟಿಗೆ ಇವನು ಹೋದ. ತಾನೂ ಕಾಟ ತಿಂದು ಇನ್ನೊಬ್ಬರಿಗೂ ಕೊಡುವ ಇಂಥ ಮಕ್ಕಳ ಬಗ್ಗೆ ಜಾಸ್ತಿ ಎಚ್ಚರ ಬೇಕು. ಮುಂದೆ ಮನಸ್ಸಿನ ತೊಂದರೆಗಳು ಇವರಲ್ಲೇ ಹೆಚ್ಚು ಕಾಣುತ್ತವೆ. ಹಾಗಂತ 'ಪಾಪ, ಅವನೂ ಅನುಭವಿಸಿದ್ದಾನೆ' ಅಂತ ಬಿಟ್ಟುಬಿಡುವ ಹಾಗಿಲ್ಲ. ಎರಡೂ ನಿಜ, ಎರಡನ್ನೂ ಹುಡುಗನಿಗೆ ಹೇಳಬೇಕು.

ಮನೆಯ ಕಡೆಯೂ ನೋಡಿಕೊಳ್ಳಬೇಕು. ನಮ್ಮಲ್ಲಿ ಮದುವೆ, ನಾಮಕರಣ ಅಂತ ಸೇರಿದಾಗ 'ಏನೇ ಡುಮ್ಮಿ', 'ಎಷ್ಟು ಕಪ್ಪಾಗಿದೀಯೋ' ಅನ್ನೋದೇ ಪ್ರೀತಿ, ಅಲ್ವಾ? ದಪ್ಪಗಿದ್ದವರ ಮೇಲೆ ಜೋಕು ಮಾಡಿದರೆ ಎಲ್ಲರೂ ನಗುತ್ತಾರೆ ಅಂತ ಈ ಹುಡುಗ ಕಲಿತದ್ದು ಅವನ ಸೋದರಮಾವನಿಂದ.

ಗಮನ ನಿಲ್ಲದ, ಕೈ ಮುಂದಾಗುವ ಮಕ್ಕಳ ಮೇಲೂ ಇಂಥ ದೂರು ಬರುತ್ತದೆ. ಅದು ಬೇರೆ ವಿಷಯ, ಗುರುತಿಸುವುದು ಅಷ್ಟು ಕಷ್ಟವಿಲ್ಲ. ಅಂಥ ಮಗು ಟೀಚರ್ ಎದುರಿಗೇ ಹೊಡೆಯುತ್ತದೆ, ತನಗಿಂತ ದೊಡ್ಡವರಿಗೂ ಹೊಡೆಯುತ್ತದೆ, ಆಮೇಲೆ ತಾನೇ ಅಳುತ್ತದೆ. ಕಾಟ ಕೊಡುವವನು ಜಾಗ ನೋಡುತ್ತಾನೆ: ವ್ಯಾನು, ಟಾಯ್ಲೆಟ್ ಹತ್ತಿರ, ಪಿಟಿ ಪೀರಿಯಡ್ ಮುಗಿಸಿ ಬರುವ ದಾರಿ. ಮೊದಲನೆಯದಾದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ, ಶಿಕ್ಷೆಯಿಂದ ಅದು ಸರಿಹೋಗುವುದಿಲ್ಲ.

ಇನ್ನು ಶಾಲೆಗೆ ಹೋಗುವುದು. ತಂದೆತಾಯಿ ಇಬ್ಬರೂ ಹೋಗಿ, ಮೊದಲ ಹತ್ತು ನಿಮಿಷ ಮಗ ಹೊರಗಿರಲಿ. ಶುರುವಿನಲ್ಲಿ ಹೇಳಬೇಕಾದದ್ದು ಇಷ್ಟೇ: 'ನಮಗೆ ಪೂರ್ತಿ ವಿಷಯ ಬೇಕು. ನಡೆದಿದ್ದರೆ ನಿಲ್ಲಿಸೋಕೆ ನಾವೂ ಜೊತೆಗಿರ್ತೀವಿ.' ಈ ಮಾತು ಕೇಳಿದ ಕೂಡಲೇ ಎಚ್‌ಎಂ ದನಿ ಬದಲಾಗುವುದನ್ನು ನಾನು ನೋಡಿದ್ದೇನೆ. ಅವರು ಜಗಳಕ್ಕೆ ತಯಾರಾಗಿ ಕೂತಿರುತ್ತಾರೆ. ಆಮೇಲೆ ಕೇಳಿ: ಏನು, ಎಲ್ಲಿ, ಯಾವ ದಿನ, ಯಾರು ಕಣ್ಣಾರೆ ನೋಡಿದ್ದು. 'ತುಂಬಾ ಅಗ್ರೆಸಿವ್' ಅನ್ನುವಂಥ ಮಾತಿಗೆ ನಿಲ್ಲಬೇಡಿ, ಒಂದು ಉದಾಹರಣೆ ಕೊಡಿ ಅನ್ನಿ. ದೂರು ಕೊಟ್ಟವರು ಯಾರು ಅಂತ ಮಾತ್ರ ಕೆದಕಬೇಡಿ. ಆ ಹುಡುಗನ ಮನೆಗೆ ಫೋನ್ ಮಾಡಬೇಡಿ, ಕ್ಲಾಸಿನ ಪೇರೆಂಟ್ಸ್ ಗ್ರೂಪಿನಲ್ಲಿ ಒಂದಕ್ಷರವೂ ಹಾಕಬೇಡಿ. ಒಳ್ಳೆ ಮನಸ್ಸಿನಿಂದ ಮಾಡಿದ ಫೋನ್ ಕೂಡ ಆ ಮನೆಯವರಿಗೆ ಒತ್ತಡ ಹಾಕಿದ ಹಾಗೆ ಕೇಳಿಸುತ್ತದೆ.

'ಟಿಸಿ ತಗೊಂಡು ಹೋಗಿ' ಅನ್ನುವ ಶಾಲೆಗಳೂ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ಕ್ಲಾಸಿನವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸದು. ಸಿಬಿಎಸ್‌ಇ ಶಾಲೆಯಾದರೆ, ಇಂಥ ದೂರು ನೋಡಲು ಒಂದು ಸಮಿತಿ ಇರಬೇಕು ಅಂತ ಮಂಡಳಿ 2015ರಲ್ಲೇ ಹೇಳಿದೆ. ಇದನ್ನೆಲ್ಲ ತಿಳಿದುಕೊಂಡಿರಿ, ಆದರೆ ಮೊದಲ ಭೇಟಿಯಲ್ಲೇ ಕಾಯ್ದೆ ತೆಗೆಯಬೇಡಿ.

ಈ ಪ್ರಕರಣದಲ್ಲಿ ಕ್ಲಾಸ್ ಟೀಚರ್ ಒಂದು ಹಾಳೆಯಲ್ಲಿ ಒಪ್ಪಂದ ಬರೆದರು. ಹುಡುಗ ವ್ಯಾನಿನಲ್ಲಿ ಮುಂದಿನ ಸೀಟಿಗೆ, ಆಯಾ ಪಕ್ಕ. ಮನೆಯಲ್ಲಿ ಒಂದು ತಿಂಗಳು ಫೋನು ಹಾಲ್‌ನಲ್ಲಿ ಮಾತ್ರ. ವಾರಕ್ಕೊಮ್ಮೆ ಪಿಟಿ ಸರ್ ಅವನನ್ನು ಕರೆದು ಮಾತಾಡಿಸಬೇಕು. ಪಿಟಿ ಸರ್ ಯಾಕೆಂದರೆ, ಹುಡುಗ ಮಾತು ಕೇಳುತ್ತಿದ್ದದ್ದು ಅವರದ್ದು ಮಾತ್ರ. ಮೂರು ವಾರ ಬಿಟ್ಟು ಮತ್ತೆ ಸೇರುವುದು. ಅಷ್ಟರಲ್ಲಿ ಕಾಟ ನಿಂತಿದೆಯಾ ಅಂತ ಆ ಇನ್ನೊಬ್ಬ ಹುಡುಗನನ್ನೇ ಟೀಚರ್ ಒಬ್ಬನೇ ಇದ್ದಾಗ ಕೇಳಬೇಕು. ಈ ಕೊನೆಯದನ್ನು ಶಾಲೆಗಳು ಬಿಟ್ಟುಬಿಡುತ್ತವೆ. ಗಲಾಟೆ ಕೇಳಿಸದಿದ್ದರೆ ನಿಂತಿತು ಅಂದುಕೊಳ್ಳುತ್ತಾರೆ. ಹೊಡೆತ, ಹೆಸರು ಕರೆಯುವುದು ನಿಂತು, ಆಟಕ್ಕೆ ಸೇರಿಸದೆ, ಮಾತಾಡಿಸದೆ ದೂರ ಇಡುವುದು ಶುರುವಾಗಿರುತ್ತದೆ.

ಕ್ಷಮೆ ಕೇಳಿಸುವ ವಿಚಾರದಲ್ಲಿ ಹಿರಿಯರಿಗೆ ಆತುರ. ಅಸೆಂಬ್ಲಿಯಲ್ಲಿ ನಿಲ್ಲಿಸಿ ಸಾರಿ ಹೇಳಿಸಿದರೆ ಇಬ್ಬರಿಗೂ ಅವಮಾನ. ಇಲ್ಲಿ ಟೀಚರ್ ಮೊದಲು ಆ ಹುಡುಗನನ್ನೇ ಕೇಳಿದರು. ಅವನಿಗೆ ಸಾರಿ ಬೇಡವಾಗಿತ್ತು. 'ಆ ಗ್ರೂಪ್ ಕ್ಲೋಸ್ ಆಗ್ಲಿ ಮಿಸ್, ವ್ಯಾನಲ್ಲಿ ನನ್ನ ಮಾತಾಡ್ಸೋದು ಬೇಡ' ಅಂದ. ಅಷ್ಟನ್ನೇ ಮಾಡಿಸಿದರು.

ಇದಿಷ್ಟೂ ಶಾಲೆ-ಮನೆ ಸೇರಿ ಸರಿಪಡಿಸಬಹುದಾದ ಮಟ್ಟದ್ದು. ದೂರಿನಲ್ಲಿ ಗುಪ್ತಾಂಗ ಮುಟ್ಟಿದ್ದು, ಬಟ್ಟೆ ಬಿಚ್ಚಿಸಿದ್ದು, ಅಂಥ ಫೋಟೋ ಹಂಚಿದ್ದು ಇದ್ದರೆ ಪೋಕ್ಸೊ ಕಾಯ್ದೆ ಬರುತ್ತದೆ. ಶಾಲೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಒಳಗೇ ಮುಚ್ಚಿಡುವ ಹಾಗಿಲ್ಲ. ಆಗ ಮಗನನ್ನು ನೀವೇ ವಿಚಾರಣೆ ಮಾಡಲು ಹೋಗದೆ ಮೊದಲು ವಕೀಲರನ್ನು ಕಾಣಿ. ಬೈಸಿಕೊಂಡ ಮಗು 'ಸಾಯ್ತೀನಿ' ಅನ್ನುವಂಥ ಮಾತಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡುತ್ತಾರೆ.

ಮೂರು ವಾರದ ಸಭೆಯಲ್ಲಿ ಗೊತ್ತಾದದ್ದು: ನಮ್ಮ ಹುಡುಗ ಒಮ್ಮೆ ಜಾರಿದ್ದ, ಬಸ್‌ಸ್ಟಾಪಿನಲ್ಲಿ ಹಳೇ ಹೆಸರು ಕರೆದಿದ್ದ. ಅದನ್ನು ಅವನೇ ಪಿಟಿ ಸರ್‌ಗೆ ಹೇಳಿದ್ದ. ಆದರೆ ಖಾಲಿಯಾದ ಹಿಂದಿನ ಸೀಟಿಗೆ ಇನ್ನೊಬ್ಬ ಹುಡುಗ ಹೋಗಿ ಕೂತು, ಆರನೇ ಕ್ಲಾಸಿನ ಒಬ್ಬನನ್ನು ಹಿಡಿದುಕೊಂಡಿದ್ದ. ಆಯಾ ಇನ್ನು ಮುಂದೆ ಹಿಂದಿನ ಸೀಟಿನಲ್ಲೇ ಕೂರಲಿ ಅಂತ ಆ ದಿನ ತೀರ್ಮಾನವಾಯಿತು.