ಕಾರಿನ ಚಿತ್ರದ ಕೆಳಗೆ ‘ಲೆಮನ್’ ಅಂತ ಯಾಕೆ ಬರೆದರು?

1960ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಕಪ್ಪು-ಬಿಳುಪು ಜಾಹೀರಾತು ಬಂತು. ಪುಟದ ಮೂರರಲ್ಲಿ ಎರಡು ಭಾಗವನ್ನು ಒಂದೇ ಫೋಟೋ ತುಂಬಿತ್ತು. ಅದರಲ್ಲಿ ಇದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಸುಂದರ ದೃಶ್ಯವಿಲ್ಲ, ನಗುವ ಕುಟುಂಬವಿಲ್ಲ, ಹಿಂದೆ ಬರೀ ಖಾಲಿ ಜಾಗ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಪದ: ‘ಲೆಮನ್.’

ಲೆಮನ್ ಅಂದರೆ ನಿಂಬೆಹಣ್ಣು. ಆದರೆ ಅಮೆರಿಕದ ಆಡುಮಾತಿನಲ್ಲಿ, ದುಡ್ಡು ಕೊಟ್ಟು ತಂದ ಮೇಲೆ ಪದೇ ಪದೇ ಕೈಕೊಡುವ ಕಾರಿಗೂ ಲೆಮನ್ ಅಂತಲೇ ಹೆಸರು. ಅಂದರೆ ಕಂಪನಿ ತನ್ನದೇ ಕಾರನ್ನು ತಾನೇ ‘ಡಬ್ಬಾ ಗಾಡಿ’ ಅಂತ ಕರೆದಿತ್ತು.

ಡಾಯ್ಲ್ ಡೇನ್ ಬರ್ನ್‌ಬಾಕ್ ಎಂಬ ಏಜೆನ್ಸಿ ಇದನ್ನು ಮಾಡಿತು. ಬರೆದವರು ಜೂಲಿಯನ್ ಕೋನಿಗ್, ಪುಟ ವಿನ್ಯಾಸ ಹೆಲ್ಮುಟ್ ಕ್ರೋನ್ ಅವರದು. ಹಾಸ್ಯದ ಜಾಹೀರಾತಿಗೆ ಉದಾಹರಣೆ ಕೊಡುವಾಗ ಇದರ ಹೆಸರು ಬಂದೇ ಬರುತ್ತದೆ. ನನಗೆ ಮಾತ್ರ ಇದು ಅರ್ಧ ಹಾಸ್ಯ, ಅರ್ಧ ಭಯ ಅನ್ನಿಸುತ್ತದೆ. ಎರಡನ್ನೂ ಎಲ್ಲಿ ಹೊಲಿದಿದ್ದಾರೆ ಅಂತ ನೋಡಬೇಕಾದರೆ ಜಾಹೀರಾತನ್ನು ಬಿಚ್ಚಿ ನೋಡಬೇಕು.

ಬಿಚ್ಚುವುದಕ್ಕೆ ‘ಐಡಾ’ ಅನ್ನುವ ಹಳೆಯ ಸಾಧನವಿದೆ. ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳಿಂದ ಆದ ಹೆಸರು ಇದು: ಅಟೆನ್ಷನ್, ಇಂಟರೆಸ್ಟ್, ಡಿಸೈರ್, ಆ್ಯಕ್ಷನ್. ಓದುಗನ ಕಣ್ಣು ನಿಲ್ಲಬೇಕು, ಆಸಕ್ತಿ ಹುಟ್ಟಬೇಕು, ವಸ್ತು ಬೇಕು ಅನ್ನಿಸಬೇಕು, ಕೊನೆಗೆ ಅವನು ಏನಾದರೂ ಮಾಡಬೇಕು. ಇದರ ಮೂಲವನ್ನು ಸಾಮಾನ್ಯವಾಗಿ 19ನೇ ಶತಮಾನದ ಕೊನೆಯ ಅಮೆರಿಕನ್ ಜಾಹೀರಾತುಗಾರ ಸೇಂಟ್ ಎಲ್ಮೊ ಲೂಯಿಸ್ ಅವರಿಗೆ ಸಲ್ಲಿಸುತ್ತಾರೆ. ಭಯ, ಹಾಸ್ಯ, ಭಾವನೆ ಇವನ್ನೆಲ್ಲ ಜಾಹೀರಾತಿನವರು ‘ಅಪೀಲ್’ ಅನ್ನುತ್ತಾರೆ. ಓದುಗನ ಮನಸ್ಸಿನ ಯಾವ ತಂತಿ ಮೀಟುತ್ತೇವೆ ಅನ್ನುವುದು ಅಪೀಲ್. ಮೀಟಿದ ಮೇಲೆ ಅವನು ಎಷ್ಟು ದೂರ ಬಂದ ಅನ್ನುವುದನ್ನು ನೋಡುವುದಕ್ಕೆ ಐಡಾ.

ಈಗ ನಿಂಬೆಹಣ್ಣಿಗೆ ಬರೋಣ. ಕಣ್ಣು ನಿಲ್ಲುವುದು ಸುಲಭವಾಗಿಯೇ ಆಗುತ್ತದೆ. ಫೋಟೋದಲ್ಲಿ ಕಾರು ಚೆನ್ನಾಗಿಯೇ ಕಾಣುತ್ತದೆ, ಕೆಳಗಿನ ಪದ ಚೆನ್ನಾಗಿಲ್ಲ ಅನ್ನುತ್ತದೆ. ಚಿತ್ರಕ್ಕೂ ಮಾತಿಗೂ ತಾಳೆಯಾಗದಿದ್ದಾಗ ಮನಸ್ಸು ಸುಮ್ನೆ ಮುಂದೆ ಹೋಗುವುದಿಲ್ಲ. ಎಲ್ಲಿ ಕೆಟ್ಟಿದೆ ಅಂತ ಹುಡುಕುತ್ತದೆ. ಹುಡುಕಿದರೂ ಫೋಟೋದಲ್ಲಿ ಸಿಗುವುದಿಲ್ಲ, ಉತ್ತರ ಇರುವುದು ಕೆಳಗಿನ ಸಣ್ಣ ಅಕ್ಷರಗಳಲ್ಲಿ. ಹೀಗೆ ಓದುಗ ತಾನಾಗಿಯೇ ಎರಡನೇ ಮೆಟ್ಟಿಲಿಗೆ ಇಳಿಯುತ್ತಾನೆ.

ಅಲ್ಲಿ ಸಿಗುವ ಉತ್ತರ ಎಷ್ಟು ಸಣ್ಣದು ನೋಡಿ. ಕಾರಿನೊಳಗಿನ ಗ್ಲವ್ ಬಾಕ್ಸ್ ಮೇಲಿನ ಕ್ರೋಮ್ ಪಟ್ಟಿಯಲ್ಲಿ ಒಂದು ಕಲೆ ಇದೆಯಂತೆ. ನಿಮ್ಮ ಕಣ್ಣಿಗೆ ಅದು ಬೀಳುತ್ತಲೂ ಇರಲಿಲ್ಲ, ಆದರೆ ನಮ್ಮ ಇನ್‌ಸ್ಪೆಕ್ಟರ್ ಕಣ್ಣಿಗೆ ಬಿತ್ತು, ಅದಕ್ಕೇ ಈ ಕಾರು ಕಳಿಸಲಿಲ್ಲ ಅನ್ನುತ್ತದೆ ಜಾಹೀರಾತು. ನಗು ಬರುವುದು ಇಲ್ಲಿ. ಆಮೇಲೆ ಲೆಕ್ಕ ಶುರುವಾಗುತ್ತದೆ. ಜರ್ಮನಿಯ ವೂಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ ತಪಾಸಣೆಗೆಂದೇ 3,389 ಜನ ಇದ್ದಾರಂತೆ, ದಿನಕ್ಕೆ ತಯಾರಾಗುವ ಕಾರು 3,000. ಅಂದರೆ ಕಾರಿಗಿಂತ ತಪಾಸಣೆ ಮಾಡುವವರೇ ಜಾಸ್ತಿ. ಕೊನೆಯ ಪರೀಕ್ಷೆಯಲ್ಲಿ 189 ಅಂಶಗಳನ್ನು ನೋಡುತ್ತಾರೆ, ಐವತ್ತರಲ್ಲಿ ಒಂದು ಕಾರನ್ನು ಬೇಡ ಅನ್ನುತ್ತಾರೆ.

ಈ ಕೊನೆಯ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲಬೇಕು. 3,000ಕ್ಕೆ ಐವತ್ತರಲ್ಲಿ ಒಂದು ಅಂದರೆ ದಿನಕ್ಕೆ 60 ಕಾರು. ‘ನಮ್ಮಲ್ಲಿ ದಿನಾ 60 ಕಾರು ಕೆಟ್ಟು ಬರುತ್ತವೆ’ ಅಂತ ಬರೆದಿದ್ದರೆ ಓದುಗ ಓಡಿಹೋಗುತ್ತಿದ್ದ. ಅದೇ ವಿಷಯವನ್ನು ತಪಾಸಣೆ ಮಾಡುವವನ ಬಾಯಲ್ಲಿ ಹೇಳಿಸಿದಾಗ ಅದು ಕಾರ್ಖಾನೆಯ ಸೋಲಿನ ಹಾಗೆ ಕೇಳುವುದಿಲ್ಲ, ಕಟ್ಟುನಿಟ್ಟಿನ ಹಾಗೆ ಕೇಳುತ್ತದೆ. ನಗಿಸಿದ ಕ್ರೋಮ್ ಪಟ್ಟಿ ಅದಕ್ಕೆ ಮೊದಲೇ ಹಾದಿ ಮಾಡಿಟ್ಟಿದೆ.

ಹಾಸ್ಯಕ್ಕೆ ಒಂದು ಅಪಾಯವಿದೆ. ಜನರಿಗೆ ತಮಾಷೆ ನೆನಪಿರುತ್ತದೆ, ವಸ್ತು ಮರೆತುಹೋಗುತ್ತದೆ. ಇದನ್ನು ಪತ್ತೆ ಮಾಡಲು ಒಂದು ಸರಳ ದಾರಿ ಇದೆ. ಜಾಹೀರಾತಿನಿಂದ ತಮಾಷೆಯನ್ನು ತೆಗೆದುಹಾಕಿ, ಮಾರುವ ಕಾರಣ ಹಾಗೇ ಉಳಿಯುತ್ತದಾ ನೋಡಿ. ಹಾಗೇ ಉಳಿದರೆ ತಮಾಷೆಯನ್ನು ಮೇಲಿಂದ ಅಂಟಿಸಿದ್ದಾರೆ ಅಂತ ಅರ್ಥ. ಇಲ್ಲಿ ‘ಲೆಮನ್’ ಪದ ತೆಗೆದರೆ ತಪಾಸಣೆಯ ಕಥೆ ಶುರುವಾಗುವುದೇ ಇಲ್ಲ. ತಮಾಷೆಯೇ ಮಾರುವ ಕಾರಣ, ಅಲ್ವಾ?

ಇನ್ನು ಆಸೆ. ಕಾರು ಕೊಳ್ಳುವವನಿಗೆ ಇರುವ ದೊಡ್ಡ ಹೆದರಿಕೆ ಯಾವುದು? ನನ್ನ ಪಾಲಿಗೆ ಲೆಮನ್ ಬಂದರೆ ಏನು ಗತಿ ಅನ್ನುವುದು. ಜಾಹೀರಾತು ಆ ಹೆದರಿಕೆಗೆ ಹೆಸರಿಟ್ಟು ತಲೆಬರಹದಲ್ಲೇ ಕೂರಿಸಿದೆ. ಆಮೇಲೆ ಅದರಿಂದ ಪಾರಾಗುವ ದಾರಿಯನ್ನೂ ತಾನೇ ತೋರಿಸುತ್ತದೆ: ಈ ಕಾರು ಬೇರೆಯವಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ರಿಪೇರಿ ಕಮ್ಮಿ, ಮಾರುವಾಗ ಬೆಲೆಯೂ ಅಷ್ಟಾಗಿ ಬೀಳುವುದಿಲ್ಲ. ನಕ್ಕವನಿಗೆ ತಾನು ಹೆದರಿದ್ದೆ ಅಂತ ಗೊತ್ತಾಗುವ ಮುಂಚೆಯೇ ಸಮಾಧಾನ ಸಿಕ್ಕಿರುತ್ತದೆ.

ಭಯವನ್ನು ನೇರವಾಗಿ ಬಳಸುವವರೂ ಇದ್ದಾರೆ. 1920ರ ದಶಕದಲ್ಲಿ ಬಾಯಿ ಮುಕ್ಕಳಿಸುವ ಔಷಧಿ ಲಿಸ್ಟರಿನ್‌ನ ಕಂಪನಿಯವರು ಬಾಯಿವಾಸನೆಗೆ ‘ಹ್ಯಾಲಿಟೋಸಿಸ್’ ಎಂಬ ವೈದ್ಯರ ಪದವನ್ನು ಮನೆಮಾತು ಮಾಡಿದರು. ಮದುವೆಯಾಗದೆ ಉಳಿದ ಹುಡುಗಿಯ ಚಿತ್ರ ಹಾಕಿ, ಕಾರಣ ನಿಮಗೆ ಯಾರೂ ಹೇಳುವುದಿಲ್ಲ ಅಂದರು. ಇದು ಕ್ರೂರವಾದ ಅಪೀಲ್ ಅಂತಲೇ ನಾನು ಹೇಳುತ್ತೇನೆ. ಅದು ಓದುಗನಿಗೆ ತನ್ನ ಮೇಲೇ ಅನುಮಾನ ಹುಟ್ಟಿಸುತ್ತದೆ, ಆ ಅನುಮಾನವನ್ನು ಪರೀಕ್ಷಿಸಿಕೊಳ್ಳುವುದಕ್ಕೂ ದಾರಿ ಬಿಡುವುದಿಲ್ಲ. ಆದರೆ ಬಾಟಲಿ ಮಾತ್ರ ಅದೇ ಪುಟದಲ್ಲಿತ್ತು.

ಭಯ ಕೆಲಸ ಮಾಡುವುದು ಆ ‘ಅದೇ ಪುಟ’ದಿಂದಲೇ. 1965ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಹೊವಾರ್ಡ್ ಲೆವೆಂಥಾಲ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಟೆಟನಸ್ ಬಗ್ಗೆ ಕೈಪಿಡಿ ಕೊಟ್ಟರು. ಕೆಲವರದ್ದು ಹೆಚ್ಚು ಹೆದರಿಸುವಂಥದ್ದು, ಕೆಲವರದ್ದು ಕಮ್ಮಿ. ಹೆಚ್ಚು ಹೆದರಿದವರು ಚುಚ್ಚುಮದ್ದು ತೆಗೆದುಕೊಳ್ಳಬೇಕು ಅಂತ ಹೆಚ್ಚು ಅಂದುಕೊಂಡರು, ನಿಜ. ಆದರೆ ನಿಜವಾಗಿ ಹೋಗಿ ಚುಚ್ಚಿಸಿಕೊಂಡವರು ಸುಮಾರು 3 ಶೇಕಡಾ ಅಷ್ಟೇ. ಇನ್ನು ಕೆಲವರಿಗೆ ಕೈಪಿಡಿಯ ಜೊತೆಗೆ ಆರೋಗ್ಯ ಕೇಂದ್ರವನ್ನು ಗುರುತು ಮಾಡಿದ ನಕ್ಷೆ ಕೊಟ್ಟು, ಯಾವಾಗ ಹೋಗುತ್ತೀರಿ ಅಂತ ಯೋಚಿಸಲು ಹೇಳಿದ್ದರು. ಅವರಲ್ಲಿ ಸುಮಾರು 28 ಶೇಕಡಾ ಹೋದರು. ಹಾಗಂತ ಭಯವನ್ನು ಪೂರ್ತಿ ಬಿಟ್ಟು ನಕ್ಷೆಯೊಂದನ್ನೇ ಕೊಟ್ಟಾಗಲೂ ಹೆಚ್ಚು ಜನ ಹೋಗಲಿಲ್ಲ. ಭಯವೂ ಬೇಕಿತ್ತು, ದಾರಿಯೂ ಬೇಕಿತ್ತು.

ಐಡಾದ ಕೊನೆಯ ಅಕ್ಷರ ಇದನ್ನೇ ಕೇಳುತ್ತದೆ: ಈಗ ಓದುಗ ಎದ್ದು ಏನು ಮಾಡಬೇಕು? ಈ ಪ್ರಶ್ನೆಗೆ ನಿಂಬೆಹಣ್ಣಿನ ಜಾಹೀರಾತು ಕೊಡುವ ಉತ್ತರ ತೆಳ್ಳಗಿದೆ. ಬೆಲೆ ಇಲ್ಲ, ಕತ್ತರಿಸಿ ಕಳಿಸುವ ಕೂಪನ್ ಇಲ್ಲ. ಕೆಟ್ಟ ನಿಂಬೆಗಳನ್ನು ನಾವು ಆರಿಸಿ ತೆಗೆಯುತ್ತೇವೆ, ಒಳ್ಳೆಯ ಪ್ಲಮ್ ಹಣ್ಣು ನಿಮಗೆ ಅನ್ನುವ ಅರ್ಥದ ಒಂದು ಸಾಲು, ಅಲ್ಲಿಗೆ ಮುಗಿಯಿತು. ಇದನ್ನು ಕೊರತೆ ಅಂತ ಬರೆದುಕೊಳ್ಳುವ ಮುಂಚೆ ವಸ್ತು ಯಾವುದು ಅಂತ ನೋಡಬೇಕು. ಪತ್ರಿಕೆ ಓದಿದ ಸಂಜೆಯೇ ಯಾರೂ ಹೋಗಿ ಕಾರು ತರುವುದಿಲ್ಲ. ಇಲ್ಲಿ ಬೇಕಾದ ಕ್ರಿಯೆ ಅಂದರೆ, ತಿಂಗಳುಗಳ ನಂತರ ಶೋರೂಮಿನಲ್ಲಿ ನಿಂತಾಗ ಆ ತಪಾಸಣೆ ಮಾಡುವವನು ನೆನಪಾಗುವುದು.

ಅವನು ನಿಜಕ್ಕೂ ನೆನಪಾದನಾ, ಎಷ್ಟು ಜನರಿಗೆ ನೆನಪಾದ ಅನ್ನುವುದು ಪುಟ ನೋಡಿದರೆ ತಿಳಿಯುವುದಿಲ್ಲ. ಕೂಪನ್ ಇದ್ದಿದ್ದರೆ ವಾಪಸ್ ಬಂದವನ್ನು ಎಣಿಸಬಹುದಿತ್ತು. ಕೂಪನ್ ಇಲ್ಲದ ಜಾಹೀರಾತಿನ ಕೊನೆಯ ಮೆಟ್ಟಿಲಿನ ಲೆಕ್ಕ ಪತ್ರಿಕೆಯ ಹೊರಗೆ, ಮಾರಾಟದ ಪುಸ್ತಕದಲ್ಲಿರುತ್ತದೆ.